ಹಬ್ಬದ ವಾರದ ಆರನೆಯ ಮೇಲ್

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿಯಲ್ಲಿ ನಾನು ಮತ್ತು ನಮ್ಮ ಅತ್ತೆ ಸೇರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹೋಳಿಗೆ ಮಾಡಿ ವೆಬ್‌ಸೈಟ್ ಮೂಲಕ ಮಾರುತ್ತೇವೆ. ಗಿರಾಕಿಗಳು ಹೆಚ್ಚಾಗಿ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿರುವ ನಮ್ಮ ಕಡೆಯವರೇ. ಹೋದ ವರ್ಷ ದೀಪಾವಳಿ ರಿಯಾಯಿತಿಯ 7 ದಿನಗಳಲ್ಲಿ 6,200 ಜನರಿಗೆ 9 ಮೇಲ್ ಕಳುಹಿಸಿದೆ. 188 ಆರ್ಡರ್ ಬಂದವು, 187 ಜನ ಅನ್‌ಸಬ್‌ಸ್ಕ್ರೈಬ್ ಮಾಡಿದರು. ಈ ವರ್ಷ ಎಷ್ಟು ಕಳುಹಿಸಬೇಕು? ಪ್ರತಿ ಮೇಲಿನ ವರದಿ ಮತ್ತು ಗಿರಾಕಿಗಳ ಆರ್ಡರ್ ದಿನಾಂಕಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಪಟ್ಟಿಯಿಂದ ಹೆಸರು, ವಿಳಾಸಗಳನ್ನು ತೆಗೆದು ಬರೀ ದಿನಾಂಕಗಳನ್ನು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ಗಿರಾಕಿಗಳ ವಿಳಾಸ ನಿಮ್ಮ ಕೈ ದಾಟಿ ಯಾರಿಗೂ, ನನಗೂ, ಹೋಗಬಾರದು.

ಮೊದಲು ನಿಮ್ಮ ವರದಿಯನ್ನೇ ಬಿಡಿಸೋಣ. ಒಂಬತ್ತು ಮೇಲ್‌ಗಳಿಗೆ ಕ್ರಮವಾಗಿ ಬಂದ ಆರ್ಡರ್‌ಗಳು 62, 31, 24, 15, 11, 8, 6, 5 ಮತ್ತು 26. ಬಿಟ್ಟುಹೋದವರು 14, 12, 13, 17, 21, 28, 31, 29 ಮತ್ತು 22. ಒಟ್ಟು ಮೊತ್ತ ನೋಡಿ ನೀವು ಬೇಸರಪಟ್ಟಿದ್ದೀರಿ, ಆದರೆ ಮೊತ್ತದಲ್ಲಿ ವಿಷಯ ಕಾಣುವುದಿಲ್ಲ. ನಾಲ್ಕರಿಂದ ಎಂಟರವರೆಗಿನ ಐದು ಮೇಲ್‌ಗಳನ್ನು ಬೇರೆ ಇಟ್ಟು ನೋಡಿ. ಅವುಗಳಿಂದ ಬಂದದ್ದು 45 ಆರ್ಡರ್, ಹೋದವರು 126 ಜನ. ಉಳಿದ ನಾಲ್ಕು ಮೇಲ್‌ಗಳಿಂದ 143 ಆರ್ಡರ್ ಬಂದಿವೆ, ಹೋದವರು 61 ಜನ ಮಾತ್ರ. ನಿಮ್ಮ ನಷ್ಟದ ಮೂರರಲ್ಲಿ ಎರಡು ಪಾಲು ನಡುವಿನ ಆ ಐದರಲ್ಲಿಯೇ ಆಗಿದೆ.

ಒಂಬತ್ತನೆಯದನ್ನು ವಿಶೇಷವಾಗಿ ಗಮನಿಸಿ. ಮೇಲ್ ಹೆಚ್ಚಾದಂತೆ ಜನ ಸುಮ್ಮನೆ ಬೇಸತ್ತು ಹೋಗುತ್ತಾರೆ ಎಂಬುದಷ್ಟೇ ನಿಜವಾಗಿದ್ದರೆ ಒಂಬತ್ತನೆಯದು ಎಲ್ಲಕ್ಕಿಂತ ಸೋಲಬೇಕಿತ್ತು. ಅದು 26 ಆರ್ಡರ್ ತಂದಿದೆ. ಏಕೆಂದರೆ ಅದರಲ್ಲಿ ಹೊಸ ಸಂಗತಿ ಇತ್ತು: ಇಂದು ರಾತ್ರಿ ರಿಯಾಯಿತಿ ಮುಗಿಯುತ್ತದೆ, ನಾಳೆ ಕೊಂಡರೆ ಹಬ್ಬಕ್ಕೆ ತಲುಪುವುದಿಲ್ಲ. ಐದರಿಂದ ಎಂಟರವರೆಗಿನ ಮೇಲ್‌ಗಳ ಶೀರ್ಷಿಕೆಗಳನ್ನು ಒಂದರ ಕೆಳಗೊಂದು ಬರೆದು ಓದಿ ನೋಡಿ. ನಾಲ್ಕೂ ಒಂದೇ ಮಾತನ್ನು ಹೇಳುತ್ತವೆ: ರಿಯಾಯಿತಿ ಇನ್ನೂ ಇದೆ. ಅದು ಓದುವವರಿಗೆ ಮೊದಲನೆಯ ದಿನವೇ ಗೊತ್ತಿತ್ತು.

ಈಗ ಹಣದ ಲೆಕ್ಕ. ಗಂಜಿನ ಅಂಗಡಿಯವರು ಪ್ರತಿ ಚೀಲಕ್ಕೆ ಜಮಾ–ಖರ್ಚು ಬರೆಯುವ ಹಾಗೆ ಪ್ರತಿ ಮೇಲಿಗೂ ಬರೆಯಬೇಕು. ರಿಯಾಯಿತಿ, ಡಬ್ಬಿ, ಕೊರಿಯರ್ ಎಲ್ಲ ಕಳೆದು ಹಬ್ಬದ ಆರ್ಡರ್ ಒಂದಕ್ಕೆ ನಿಮಗೆ ಉಳಿದದ್ದು ಸುಮಾರು 140 ರೂಪಾಯಿ ಎಂದು ನೀವೇ ಬರೆದಿದ್ದೀರಿ. ಇದು ಜಮಾ. ಖರ್ಚು ಎಂದರೆ ಬಿಟ್ಟುಹೋದವರ ಬೆಲೆ. ಹಬ್ಬದ ವಾರ ಬಿಟ್ಟು ಉಳಿದ ವರ್ಷದಲ್ಲಿ ಮೇಲ್ ಮೂಲಕ ನಿಮಗೆ 2,480 ಆರ್ಡರ್ ಬಂದಿವೆ. ರಿಯಾಯಿತಿ ಇಲ್ಲದ್ದರಿಂದ ಒಂದಕ್ಕೆ 180 ರೂಪಾಯಿ ಉಳಿದಿದೆ. ಒಟ್ಟು 4,46,400 ರೂಪಾಯಿ. ಅದನ್ನು 6,200 ವಿಳಾಸಗಳಿಗೆ ಹಂಚಿದರೆ ಒಂದು ವಿಳಾಸದ ವರ್ಷದ ಬೆಲೆ 72 ರೂಪಾಯಿ.

ಬಿಟ್ಟುಹೋದವರು ಹೇಗೂ ಕೊಳ್ಳದವರೇ ಆಗಿದ್ದರೆ ಅವರಿಗೆ 72 ರೂಪಾಯಿ ಬೆಲೆ ಕಟ್ಟುವುದು ಸರಿಯೇ ಎಂದು ನೀವು ಕೇಳಬೇಕು. ನಾನೂ ಅದನ್ನೇ ಮೊದಲು ನೋಡಿದೆ. ನಿಮ್ಮ ಇಡೀ ಪಟ್ಟಿಯಲ್ಲಿ ಹಿಂದಿನ ಒಂದು ವರ್ಷದಲ್ಲಿ ಕೊಂಡಿದ್ದವರು ನೂರಕ್ಕೆ 31. ಆ ಐದು ಮೇಲ್‌ಗಳಿಗೆ ಬಿಟ್ಟುಹೋದ 126 ಜನರಲ್ಲಿ 41 ಜನ ಕೊಂಡಿದ್ದವರು, ಅಂದರೆ ನೂರಕ್ಕೆ 32 ಅಥವಾ 33. ಹೋದವರು ಪಟ್ಟಿಯ ಉಳಿದವರ ಹಾಗೆಯೇ ಇದ್ದರು. ಆದ್ದರಿಂದ 72 ಎಂಬ ಸರಾಸರಿ ನಿಮಗೆ ಹೊಂದುತ್ತದೆ. ಬೇರೆ ವ್ಯಾಪಾರದಲ್ಲಿ ಹೋದವರೆಲ್ಲ ಮಲಗಿದ್ದವರೇ ಆಗಿದ್ದರೆ ಬೆಲೆಯನ್ನು ಇಳಿಸಬೇಕು, ಹೋದವರಲ್ಲಿ ಗಿರಾಕಿಗಳೇ ಹೆಚ್ಚಿದ್ದರೆ ಏರಿಸಬೇಕು.

140ನ್ನು 72ರಿಂದ ಭಾಗಿಸಿದರೆ ಸುಮಾರು ಎರಡು. ನಿಮ್ಮ ವ್ಯಾಪಾರಕ್ಕೆ ಅಳತೆಗೋಲು ಇದೇ: ಒಂದು ಆರ್ಡರಿಗೆ ಇಬ್ಬರು ಹೋದರೆ ಆ ಮೇಲ್ ದುಡಿದದ್ದು ಸೊನ್ನೆ. ಇದನ್ನು ಹಿಡಿದು ಮತ್ತೆ ಸಾಲನ್ನು ನೋಡಿ. ನಾಲ್ಕನೆಯ ಮೇಲ್ 15 ಆರ್ಡರ್ ತಂದು 17 ಜನರನ್ನು ಕಳೆದಿದೆ, ಲಾಭವೇ. ಐದನೆಯದು 11 ತಂದು 21 ಕಳೆದಿದೆ, ಜಮಾ 1,540, ಖರ್ಚು 1,512, ಸಮ. ಆರನೆಯದು 8 ತಂದು 28 ಕಳೆದಿದೆ, 1,120 ರೂಪಾಯಿಗಾಗಿ 2,016 ರೂಪಾಯಿ ಕೊಟ್ಟ ಹಾಗೆ. ಏಳು, ಎಂಟು ಇನ್ನೂ ಕೆಟ್ಟವು. ನಾಲ್ಕನೆಯದರವರೆಗಿನ ಮೇಲ್‌ಗಳು, ಜೊತೆಗೆ ಕೊನೆಯ ದಿನದ್ದು ಒಂದು: ಹೋದ ವರ್ಷದ ಪಟ್ಟಿ ಐದನ್ನು ತಡೆದುಕೊಂಡಿತ್ತು.

ಈ ಅಳತೆಯೂ ಉದಾರವಾದದ್ದೇ. 72 ರೂಪಾಯಿ ಒಂದೇ ವರ್ಷದ್ದು. ಊರಿನ ರೊಟ್ಟಿಯ ರುಚಿಗೆ ಬರುವ ಗಿರಾಕಿ ನಾಲ್ಕಾರು ವರ್ಷ ನಿಲ್ಲುತ್ತಾರೆ. ಮತ್ತೊಂದು ಕಡೆ, ನಡುವಿನ ಮೇಲ್‌ಗಳಿಂದ ಬಂದ 45 ಆರ್ಡರ್‌ಗಳಲ್ಲಿ ಹಲವು, ಆ ಮೇಲ್‌ಗಳು ಹೋಗದಿದ್ದರೂ ಕೊನೆಯ ದಿನದ ಮೇಲಿಗೆ ಬರುತ್ತಿದ್ದವು. ಹಾಗಾಗಿ ಸಮವಾಗಿ ಕಾಣುವ ಐದನೆಯ ಮೇಲ್ ಕೂಡ ನಿಜದಲ್ಲಿ ಸ್ವಲ್ಪ ನಷ್ಟದ್ದೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಐದು ಎಂಬ ಉತ್ತರವನ್ನು ಹಿಡಿದು ಎಲ್ಲರಿಗೂ ಐದು ಕಳುಹಿಸಬೇಡಿ. ಎಲ್ಲರಿಗೂ ಒಂದೇ ಸಂಖ್ಯೆ ಎಂಬುದೇ ಹೋದ ವರ್ಷದ ಮೂಲ ತಪ್ಪು. ಈಗ ನಿಮ್ಮ ಪಟ್ಟಿಯಲ್ಲಿ 6,800 ವಿಳಾಸಗಳಿವೆ. ಕೊನೆಯ 90 ದಿನಗಳಲ್ಲಿ ಕೊಂಡವರು ಅಥವಾ ಮೇಲಿನ ಯಾವುದಾದರೂ ಲಿಂಕ್ ಒತ್ತಿದವರು 1,100. ಒಂದು ವರ್ಷದೊಳಗೆ ಕೊಂಡವರು ಅಥವಾ ಒತ್ತಿದವರು, ಆದರೆ 90 ದಿನಗಳಿಂದ ಸುಮ್ಮನಿರುವವರು 2,300. ವರ್ಷ ದಾಟಿದರೂ ಏನೂ ಮಾಡದವರು 3,400, ಅಂದರೆ ಸರಿಯಾಗಿ ಅರ್ಧ ಪಟ್ಟಿ. ಈ ವಿಂಗಡಣೆಗೆ "ಮೇಲ್ ತೆರೆದವರು" ಎಂಬ ಅಂಕಿಯನ್ನು ಬಳಸಬೇಡಿ. 2021ರಲ್ಲಿ ಐಒಎಸ್ 15 ಬಂದಾಗಿನಿಂದ ಆಪಲ್ ಮೇಲ್ ಆ್ಯಪ್, ಓದುವವರು ತೆರೆಯದಿದ್ದರೂ ಮೇಲಿನ ಚಿತ್ರಗಳನ್ನು ತಾನೇ ಇಳಿಸಿಕೊಳ್ಳಬಲ್ಲದು. ನಿಮ್ಮ ವರದಿಯಲ್ಲಿ ಅದು "ತೆರೆದರು" ಎಂದು ಬರುತ್ತದೆ. ಕೊಂಡದ್ದು ಮತ್ತು ಒತ್ತಿದ್ದು, ಇವೆರಡನ್ನೇ ನಂಬಿ.

ಏಳು ದಿನಗಳ ಲೆಕ್ಕದಲ್ಲಿ ನಾನು ಹೀಗೆ ಹಂಚುತ್ತೇನೆ. ಮೊದಲ ದಿನ ಬೆಳಿಗ್ಗೆ ರಿಯಾಯಿತಿ ಆರಂಭದ ಮೇಲ್, ಮೊದಲ ಎರಡು ಗುಂಪುಗಳಿಗೆ. ಎರಡನೆಯ ದಿನ ಅದೇ ಮೇಲ್ ಮೂರನೆಯ ಗುಂಪಿಗೆ, ಸಾವಿರದಷ್ಟು ವಿಳಾಸಗಳ ಕಂತುಗಳಲ್ಲಿ. ಮೊದಲ ಸಾವಿರಕ್ಕೆ ಆರ್ಡರ್ ಬಾರದೆ ಜನ ಮಾತ್ರ ಹೋಗುತ್ತಿದ್ದರೆ ಉಳಿದ ಕಂತುಗಳನ್ನು ನಿಲ್ಲಿಸಿ. ಅವರಿಗೆ ಆ ವಾರದಲ್ಲಿ ಇನ್ನೇನೂ ಹೋಗಬಾರದು. ಮೂರನೆಯ ದಿನ ಮೊದಲ ಗುಂಪಿಗೆ ಮಾತ್ರ, ಬಂಧುಗಳಿಗೆ ಉಡುಗೊರೆ ಕಳುಹಿಸುವ ಡಬ್ಬಿಯ ವಿವರ. ಐದನೆಯ ದಿನ ಎರಡೂ ಗುಂಪುಗಳಿಗೆ, ಯಾವ ಊರಿಗೆ ಯಾವ ದಿನದೊಳಗೆ ಆರ್ಡರ್ ಮಾಡಿದರೆ ಹಬ್ಬಕ್ಕೆ ತಲುಪುತ್ತದೆ ಎಂಬ ಪಟ್ಟಿ. ಹೈದರಾಬಾದಿಗೆ ಒಂದು ದಿನಾಂಕ, ಬೆಂಗಳೂರಿಗೆ ಒಂದು, ಪುಣೆಗೆ ಒಂದು. ಇದು ಮಾರಾಟದ ಮೇಲೇ ಹೌದು, ಆದರೆ ಓದುವವರಿಗೆ ಕೆಲಸಕ್ಕೆ ಬರುವ ಮಾಹಿತಿ. ಏಳನೆಯ ದಿನ ಬೆಳಿಗ್ಗೆ ಎರಡೂ ಗುಂಪುಗಳಿಗೆ ಕೊನೆಯ ದಿನದ ಮೇಲ್. ಅದೇ ಸಂಜೆ ಐದನೆಯದು, ಮೊದಲ ಗುಂಪಿನಲ್ಲಿ ಬೆಳಿಗ್ಗೆ ಲಿಂಕ್ ಒತ್ತಿಯೂ ಕೊಳ್ಳದೆ ಬಿಟ್ಟವರಿಗೆ ಮಾತ್ರ.

ಹೀಗೆ ಮಾಡಿದರೆ ಮೊದಲ ಗುಂಪಿನ ಹೆಚ್ಚಿನವರಿಗೆ ನಾಲ್ಕು, ಕೆಲವರಿಗೆ ಐದು, ಎರಡನೆಯವರಿಗೆ ಮೂರು, ಮೂರನೆಯವರಿಗೆ ಒಂದು ತಲುಪುತ್ತದೆ. ಒಟ್ಟು ಸುಮಾರು 15,000 ಮೇಲ್. ಹೋದ ವರ್ಷ ಹೋದದ್ದು 55,800. ಏಳನೆಯ ದಿನ ಯಾವುದು ಎಂಬುದನ್ನು ಕೊರಿಯರ್‌ನವರನ್ನು ಕೇಳಿ ಹಿಂದಕ್ಕೆ ಎಣಿಸಿ. ಹೋದ ವರ್ಷದ ಹಾಗೆ ನರಕ ಚತುರ್ದಶಿಯ ಹಿಂದಿನ ದಿನದವರೆಗೆ ರಿಯಾಯಿತಿ ಎಳೆಯಬೇಡಿ. ಹಬ್ಬ ಮುಗಿದ ಮೇಲೆ ಹೋಳಿಗೆ ಡಬ್ಬಿ ತಲುಪಿದ ಗಿರಾಕಿ ಅನ್‌ಸಬ್‌ಸ್ಕ್ರೈಬ್ ಮಾಡದಿದ್ದರೂ ಮುಂದಿನ ವರ್ಷ ಬರುವುದಿಲ್ಲ.

ಈ ವಾರ ಕೊಂಡವರನ್ನು ಆ ಕ್ಷಣದಿಂದಲೇ ಉಳಿದ ಮೇಲ್‌ಗಳಿಂದ ಹೊರಗಿಡಿ. ನಿಮ್ಮ ಮೇಲ್ ತಂತ್ರಾಂಶಕ್ಕೆ ಆರ್ಡರ್ ಮಾಹಿತಿ ತಾನಾಗಿಯೇ ಸೇರದಿದ್ದರೆ ಪ್ರತಿ ಮೇಲಿಗೂ ಮುಂಚೆ ಕೈಯಿಂದಲೇ ಆ ಹೆಸರುಗಳನ್ನು ತೆಗೆಯಿರಿ. ಹತ್ತು ನಿಮಿಷದ ಕೆಲಸ. ನಿನ್ನೆ 650 ರೂಪಾಯಿ ಕೊಟ್ಟವರಿಗೆ ಇಂದು "ಇನ್ನೂ ಕೊಂಡಿಲ್ಲವೇ" ಎಂದು ಬರೆದರೆ ಅವರಿಗೆ ಆಗುವ ಬೇಸರ ಸಣ್ಣದಲ್ಲ, ಮತ್ತು ಕಳೆದುಕೊಳ್ಳುವುದು ಪಟ್ಟಿಯ ಅತ್ಯುತ್ತಮ ಗಿರಾಕಿಯನ್ನು.

ಇನ್ನೊಂದು ಕಡೆ ಸಂಖ್ಯೆ ನಿಮಗೆ ತಿಳಿಯದೆ ಹೆಚ್ಚುತ್ತದೆ. ನಿಮ್ಮ ವೆಬ್‌ಸೈಟಿನಲ್ಲಿ ಬುಟ್ಟಿಗೆ ಹಾಕಿ ಕೊಳ್ಳದೆ ಹೋದವರಿಗೆ ಎರಡು ನೆನಪಿನ ಮೇಲ್ ತಾನಾಗಿಯೇ ಹೋಗುತ್ತವೆ. ಹೊಸದಾಗಿ ಸೇರಿದವರಿಗೆ ಮೂರು ಸ್ವಾಗತದ ಮೇಲ್ ಹೋಗುತ್ತವೆ. ಕಳುಹಿಸುವ ನಿಮಗೆ ಇವು ಬೇರೆ ಬೇರೆ, ಪಡೆಯುವವರಿಗೆ ಎಲ್ಲವೂ ನಿಮ್ಮ ಹೆಸರಿನ ಮೇಲ್‌ಗಳೇ. ನಿಮ್ಮ ದಿನಾಂಕಗಳಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು: ರಿಯಾಯಿತಿಯ ಎರಡನೆಯ ದಿನ ಸೇರಿದ ಒಬ್ಬರಿಗೆ ಆ ವಾರ ಒಟ್ಟು 13 ಮೇಲ್ ಹೋಗಿವೆ, ಏಳನೆಯ ದಿನ ಅವರು ಬಿಟ್ಟುಹೋಗಿದ್ದಾರೆ. ಆ ವಾರದ ಮಟ್ಟಿಗೆ ಸ್ವಾಗತದ ಎರಡು, ಮೂರನೆಯ ಮೇಲ್‌ಗಳನ್ನು ನಿಲ್ಲಿಸಿಡಿ. ಬುಟ್ಟಿಯ ನೆನಪನ್ನು ಒಂದಕ್ಕೆ ಇಳಿಸಿ, ಅದು ಹೋದ ದಿನ ಬೇರೆ ಮಾರಾಟದ ಮೇಲ್ ಹೋಗದಂತೆ ನಿಯಮ ಇಡಿ. ಆರ್ಡರ್ ಖಚಿತವಾದ ಸಂದೇಶ, ಡಬ್ಬಿ ಹೊರಟ ಸಂದೇಶ ಇವುಗಳಿಗೆ ಈ ಮಿತಿ ಬೇಡ, ಜನ ಅವುಗಳನ್ನು ಕಾಯುತ್ತಿರುತ್ತಾರೆ.

ಅನ್‌ಸಬ್‌ಸ್ಕ್ರೈಬ್ ಬಗ್ಗೆ ನಿಮಗಿರುವಷ್ಟೇ ಭಯ ನನಗೂ ಮೊದಲು ಇತ್ತು. ಈಗ ನಾನು ಹೆದರುವುದು ಸ್ಪ್ಯಾಮ್ ಎಂದು ಒತ್ತುವವರಿಗೆ. ಕೆಲವು ವರ್ಷಗಳ ಹಿಂದೆ ಬೀದರಿನ ಒಂದು ಸೀರೆ ಅಂಗಡಿಗೆ ದಸರೆಯ ವಾರ ನಾನೇ 11 ಮೇಲ್ ಕಳುಹಿಸಿದೆ. ಪ್ರತಿ ಮೇಲಿಗೂ ಅನ್‌ಸಬ್‌ಸ್ಕ್ರೈಬ್ ನೂರಕ್ಕೆ 0.25ಕ್ಕಿಂತ ಕಡಿಮೆ ಇತ್ತು. ಅದನ್ನೇ ತೋರಿಸಿ ಎಲ್ಲ ಸರಿ ಇದೆ ಎಂದು ಹೇಳಿದೆ. ಮುಂದಿನ ತಿಂಗಳು ಅಂಗಡಿಯ ಗಿರಾಕಿಗಳು ಫೋನ್ ಮಾಡಲು ಶುರುಮಾಡಿದರು: ಹಣ ಕಟ್ಟಿದ್ದೇವೆ, ರಸೀದಿಯ ಮೇಲ್ ಬಂದಿಲ್ಲ. ರಸೀದಿಗಳೆಲ್ಲ ಸ್ಪ್ಯಾಮ್ ಪೆಟ್ಟಿಗೆಯಲ್ಲಿದ್ದವು. ಮಾರಾಟದ ಮೇಲ್ ಮತ್ತು ರಸೀದಿ ಎರಡೂ ಒಂದೇ ಡೊಮೇನಿನಿಂದ ಹೋಗುತ್ತಿದ್ದವು, ಮೊದಲನೆಯದರ ಕೆಟ್ಟ ಹೆಸರು ಎರಡನೆಯದಕ್ಕೂ ಅಂಟಿತು. ಅದನ್ನು ಸರಿಪಡಿಸಲು ಸಂಕ್ರಾಂತಿಯವರೆಗೆ ಹಿಡಿಯಿತು. ಆ ಅಂಗಡಿಯವರ ನಂಬಿಕೆಗೆ ನಾನು ಮಾಡಿದ ನಷ್ಟ ಇಂದಿಗೂ ನನ್ನ ಮನಸ್ಸಿನಲ್ಲಿದೆ.

ನನ್ನ ತಪ್ಪು ಇಷ್ಟೇ, ಯಾರು ಸ್ಪ್ಯಾಮ್ ಒತ್ತಿದರು ಎಂದು ಜಿಮೇಲ್ ಕಳುಹಿಸಿದವರಿಗೆ ಹೇಳುವುದಿಲ್ಲ ಎಂಬುದನ್ನು ಮರೆತಿದ್ದೆ. ನಿಮ್ಮ ಮೇಲ್ ತಂತ್ರಾಂಶದ ವರದಿಯಲ್ಲಿ ಜಿಮೇಲ್ ದೂರುಗಳು ಕಾಣುವುದಿಲ್ಲ. ಅವು ಒಟ್ಟು ಪ್ರಮಾಣವಾಗಿ Postmaster Tools ಎಂಬ ಗೂಗಲ್ ಪುಟದಲ್ಲಿ ಮಾತ್ರ ಸಿಗುತ್ತವೆ. ಅಲ್ಲಿ ಡೊಮೇನ್ ನಿಮ್ಮದೇ ಎಂದು ಸಾಬೀತುಮಾಡಬೇಕು. ಇದನ್ನು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಮಾಡಿಡಿ. 2024ರ ಫೆಬ್ರುವರಿಯಿಂದ ಜಿಮೇಲ್ ಹೇಳುತ್ತಿರುವ ಮಿತಿ ಹೀಗಿದೆ: ದೂರು ನೂರಕ್ಕೆ 0.1ಕ್ಕಿಂತ ಕೆಳಗಿರಲಿ, 0.3ನ್ನು ಎಂದೂ ಮುಟ್ಟದಿರಲಿ. ನಿಮ್ಮ ಒಂದು ಮೇಲ್ 5,000 ಜಿಮೇಲ್ ವಿಳಾಸಗಳ ಇನ್‌ಬಾಕ್ಸ್ ತಲುಪಿದರೆ 0.1 ಎಂದರೆ ಐದು ಜನ, 0.3 ಎಂದರೆ ಹದಿನೈದು ಜನ. ಅಷ್ಟೇ. ವರ್ಷದಿಂದ ಮಲಗಿರುವ 3,400 ಜನರಿಗೆ ಒಂಬತ್ತು ಬಾರಿ ಬರೆದರೆ ಈ ಹದಿನೈದು ಜನ ಸುಲಭವಾಗಿ ಸಿಗುತ್ತಾರೆ.

ಒಂದು ದಿನದಲ್ಲಿ 5,000ಕ್ಕೂ ಹೆಚ್ಚು ಮೇಲ್ ಜಿಮೇಲ್ ವಿಳಾಸಗಳಿಗೆ ಹೋದರೆ ಇನ್ನೂ ಕೆಲವು ನಿಯಮಗಳು ಅನ್ವಯಿಸುತ್ತವೆ. ಒಮ್ಮೆ ಆ ಗಡಿ ದಾಟಿದರೆ ಜಿಮೇಲ್ ನಿಮ್ಮನ್ನು ಶಾಶ್ವತವಾಗಿ ದೊಡ್ಡ ಕಳುಹಿಸುವವರ ಪಟ್ಟಿಯಲ್ಲಿ ಇಡುತ್ತದೆ. ಮೇಲ್ ನಿಜವಾಗಿ ನಿಮ್ಮ ಡೊಮೇನಿನಿಂದಲೇ ಬಂದದ್ದು ಎಂದು ತೋರಿಸುವ SPF, DKIM, DMARC ಮೂರೂ ಸರಿಯಾಗಿರಬೇಕು, ಮತ್ತು ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗುವ ವ್ಯವಸ್ಥೆ ಇರಬೇಕು. ನಿಮಗೆ ನೀವೇ ಒಂದು ಮೇಲ್ ಕಳುಹಿಸಿ, ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು Show original ಒತ್ತಿ ನೋಡಿ. ಮೊದಲನೆಯ ಸಾಲಿನ ವಿಳಾಸ ಬೇರೆ ಇರುತ್ತದೆ, ಎರಡನೆಯ ಸಾಲು ಹೀಗೆಯೇ ಇರಬೇಕು:

```
List-Unsubscribe: <https://...>
List-Unsubscribe-Post: List-Unsubscribe=One-Click
```

ಈ ಸಾಲುಗಳಿದ್ದಾಗ ಜಿಮೇಲ್ ನಿಮ್ಮ ಹೆಸರಿನ ಪಕ್ಕದಲ್ಲಿಯೇ ಬಿಡುವ ಗುಂಡಿ ತೋರಿಸಬಲ್ಲದು. ಅನೇಕರು ಇದನ್ನು ಬಚ್ಚಿಡಲು ನೋಡುತ್ತಾರೆ. ದಯವಿಟ್ಟು ಬೇಡ. ಹೊರಹೋಗುವ ಬಾಗಿಲು ಕಾಣದವರು ಸ್ಪ್ಯಾಮ್ ಗುಂಡಿಯನ್ನೇ ಬಾಗಿಲು ಮಾಡಿಕೊಳ್ಳುತ್ತಾರೆ. 2025ರ ಜುಲೈಯಿಂದ ಜಿಮೇಲಿನಲ್ಲಿ Manage subscriptions ಎಂಬ ಪುಟವೂ ಬಂದಿದೆ. ಇತ್ತೀಚಿನ ವಾರಗಳಲ್ಲಿ ಯಾರು ಹೆಚ್ಚು ಮೇಲ್ ಕಳುಹಿಸಿದರೋ ಅವರ ಹೆಸರು ಅಲ್ಲಿ ಮೇಲೆ ಬರುತ್ತದೆ, ಪಕ್ಕದಲ್ಲಿಯೇ ಬಿಡುವ ಗುಂಡಿ. ವಾರಕ್ಕೆ ಒಂಬತ್ತು ಕಳುಹಿಸಿದವರು ಆ ಸಾಲಿನ ತಲೆಯಲ್ಲಿ ಕೂರುತ್ತಾರೆ.

ಬಿಡಲು ಹೊರಟವರಲ್ಲಿ ಹಲವರಿಗೆ ನಿಮ್ಮ ರೊಟ್ಟಿ ಬೇಡವಾಗಿರುವುದಿಲ್ಲ, ಈ ವಾರದ ಸದ್ದು ಬೇಡವಾಗಿರುತ್ತದೆ. ಅವರಿಗಾಗಿ ಮೊದಲ ದಿನದ ಮೇಲಿನಲ್ಲಿ, ಅಡಿಯಲ್ಲಿ ಅಲ್ಲ, ಮೇಲ್ಭಾಗದಲ್ಲಿಯೇ ಒಂದು ಸಾಲು ಹಾಕಿ: "ಈ ದೀಪಾವಳಿಯ ರಿಯಾಯಿತಿ ಮೇಲ್‌ಗಳು ಬೇಡವಾದರೆ ಇಲ್ಲಿ ಒತ್ತಿ. ಹಬ್ಬದ ನಂತರ ಎಂದಿನಂತೆ ತಿಂಗಳಿಗೆರಡು ಮೇಲ್ ಮಾತ್ರ ಬರುತ್ತವೆ." ಒತ್ತಿದವರಿಗೆ ಒಂದು ಗುರುತು ಬೀಳಲಿ, ಆ ಗುರುತು ಇದ್ದವರಿಗೆ ಏಳು ದಿನ ಏನೂ ಹೋಗದಿರಲಿ. ಇಲ್ಲಿ ಒಂದು ತೊಡಕಿದೆ. ಕಂಪನಿ ವಿಳಾಸಗಳಲ್ಲಿ ಭದ್ರತಾ ತಂತ್ರಾಂಶಗಳು ಮೇಲಿನೊಳಗಿನ ಲಿಂಕುಗಳನ್ನೆಲ್ಲ ತಾವೇ ಒತ್ತಿ ಪರೀಕ್ಷಿಸುತ್ತವೆ. ಲಿಂಕ್ ಒತ್ತಿದ ಕೂಡಲೇ ಗುರುತು ಬೀಳುವಂತೆ ಇಟ್ಟರೆ ಬೇಕೆಂದವರೂ ಹೊರಗುಳಿಯುತ್ತಾರೆ. ಲಿಂಕ್ ಒಂದು ಪುಟ್ಟ ಪುಟಕ್ಕೆ ಹೋಗಲಿ, ಅಲ್ಲಿನ "ಹೌದು, ಬೇಡ" ಗುಂಡಿ ಒತ್ತಿದಾಗ ಗುರುತು ಬೀಳಲಿ. ಪೂರ್ತಿ ಬಿಡುವ ಲಿಂಕ್ ಮಾತ್ರ ತನ್ನ ಜಾಗದಲ್ಲಿ ಹಾಗೆಯೇ ಇರಬೇಕು.

ವಾರದ ನಡುವೆ ನಿಲ್ಲಿಸುವುದು ಯಾವಾಗ? ಮೇಲ್ ಹೋದ 24 ಗಂಟೆಗಳ ನಂತರ ಆರ್ಡರ್ ಮತ್ತು ಬಿಟ್ಟವರನ್ನು ಎಣಿಸಿ. ಬಿಡುವವರಲ್ಲಿ ಹೆಚ್ಚಿನವರು ಮೊದಲ ದಿನವೇ ಬಿಡುತ್ತಾರೆ, ಆದ್ದರಿಂದ ಅಷ್ಟು ಕಾಯುವುದು ಸಾಕು. ಒಂದು ಆರ್ಡರಿಗೆ ಇಬ್ಬರ ಗಡಿ ಯಾವ ಗುಂಪಿನಲ್ಲಿ ದಾಟುತ್ತದೆಯೋ ಆ ಗುಂಪಿನ ಮುಂದಿನ ಮೇಲನ್ನು ರದ್ದುಮಾಡಿ, ಕೊನೆಯ ದಿನದ್ದೊಂದನ್ನು ಉಳಿಸಿಕೊಳ್ಳಿ. ಈಗಾಗಲೇ ಚಿತ್ರ ತೆಗೆದು, ಬರೆದು ಸಿದ್ಧಮಾಡಿದ ಮೇಲನ್ನು ಬಿಸಾಡಲು ಮನಸ್ಸು ಬಾರದು, ಅತ್ತೆಯವರಿಗೂ ಬಾರದು. ಅದನ್ನು ಸಂಕ್ರಾಂತಿಗೆ ಎತ್ತಿಡಿ.

ಮುಂದಿನ ವರ್ಷಕ್ಕೆ ನಿಜ ತಿಳಿಯಬೇಕೆಂದಿದ್ದರೆ ಎರಡನೆಯ ಗುಂಪನ್ನು ಚೀಟಿ ಎತ್ತಿದ ಹಾಗೆ ಎರಡಾಗಿ ಮಾಡಿ, 1,150 ಜನರಿಗೆ ಮೂರು ಮೇಲ್, ಉಳಿದ 1,150 ಜನರಿಗೆ ಎರಡು ಕಳುಹಿಸಿ ನೋಡಬಹುದು. ಯಾವ ಮೇಲಿನಿಂದ ಬಂತು ಎಂದು ಕೇಳದೆ, ಆ ವಾರ ಮತ್ತು ನಂತರದ 30 ದಿನಗಳಲ್ಲಿ ಎರಡೂ ಅರ್ಧಗಳಿಂದ ಬಂದ ಒಟ್ಟು ಆರ್ಡರ್‌ಗಳನ್ನು ಹೋಲಿಸಿ. ಸಣ್ಣ ವ್ಯತ್ಯಾಸವನ್ನು ಮಾತ್ರ ನಂಬಬೇಡಿ. ಒಂದು ಕಡೆ 26, ಇನ್ನೊಂದು ಕಡೆ 20 ಬಂದರೆ ಏನೂ ಸಾಬೀತಾಗುವುದಿಲ್ಲ. ಎರಡನ್ನೂ ಕೂಡಿಸಿದರೆ 46, ಅದರ ವರ್ಗಮೂಲ ಸುಮಾರು 6.8, ಅದರ ಎರಡರಷ್ಟು ಸುಮಾರು 14. ಆರ್ಡರ್‌ಗಳ ಅಂತರ ಈ 14ಕ್ಕಿಂತ ಹೆಚ್ಚಿದ್ದರೆ ಮಾತ್ರ ಮೂರನೆಯ ಮೇಲ್ ಕೆಲಸ ಮಾಡಿತು ಎನ್ನಬಹುದು. ಇಷ್ಟು ಸಣ್ಣ ಗುಂಪಿನಲ್ಲಿ ಅಂತಹ ಅಂತರ ಬರುವುದು ಅಪರೂಪ. ಎರಡು ಮೂರು ಹಬ್ಬಗಳ ಅಂಕಿಗಳನ್ನು ಸೇರಿಸಿ ನೋಡಬೇಕಾದೀತು.

ಪಾಡ್ಯ ಕಳೆದ ಮೇಲೆ ಹತ್ತು ದಿನ ಮಾರಾಟದ ಮೇಲ್ ಕಳುಹಿಸಬೇಡಿ. ನಂತರದ ಮೊದಲ ಮೇಲಿನಲ್ಲಿ ರಿಯಾಯಿತಿಯ ಮಾತು ಇರಬಾರದು. ಖಡಕ್ ರೊಟ್ಟಿ ತಿಂಗಳಾದರೂ ಗರಿಗರಿಯಾಗಿ ಉಳಿಯಲು ನಿಮ್ಮ ಅತ್ತೆ ಅದನ್ನು ಹೇಗೆ ಕಟ್ಟಿಡುತ್ತಾರೆ ಎಂಬುದನ್ನು ಅವರ ಮಾತಿನಲ್ಲಿಯೇ ಬರೆದು ಕಳುಹಿಸಿ. ಆ ಮೇಲಿಗೆ ಬಿಟ್ಟುಹೋಗುವವರ ಸಂಖ್ಯೆಯನ್ನು ಹಬ್ಬಕ್ಕೆ ಮುಂಚಿನ ಮೇಲಿನದರ ಪಕ್ಕದಲ್ಲಿಟ್ಟು ನೋಡಿ. ಹೆಚ್ಚಿದ್ದರೆ, ಹಬ್ಬದ ವಾರದಲ್ಲಿ ಸುಮ್ಮನೆ ಸಹಿಸಿಕೊಂಡವರು ಈಗ ಹೋಗುತ್ತಿದ್ದಾರೆ ಎಂದು ಅರ್ಥ. ಅವರನ್ನೂ ಆ ವಾರದ ಖರ್ಚಿಗೇ ಬರೆಯಿರಿ.